ಟ್ಯಾಂಕಿನಲ್ಲಿ ಉಳಿದ ಮೈಲುತುತ್ತಕ್ಕೆ ಬೆಲೆ ಕಟ್ಟುವುದು ಹೇಗೆ?

ಬಿ.ಕಾಂ ಓದುವವರಿಂದ ಹಿಡಿದು ಸಣ್ಣ ಕಾರ್ಖಾನೆಗಳಲ್ಲಿ ಲೆಕ್ಕ ಬರೆಯುವವರವರೆಗೆ ಎಲ್ಲರೂ ಸುತ್ತಿ ಬಳಸಿ ಒಂದೇ ಪ್ರಶ್ನೆ ಕೇಳುತ್ತಾರೆ. "ತಿಂಗಳ ಕೊನೆಗೆ ಟ್ಯಾಂಕಿನಲ್ಲಿ ಅರ್ಧಂಬರ್ಧ ಆಗಿರುವ ಮಾಲು ಇರುತ್ತದಲ್ಲ, ಅದನ್ನು ಎಷ್ಟು ಅಂತ ಲೆಕ್ಕ ಹಿಡಿಯಬೇಕು?" ಪುಸ್ತಕದ ಉದಾಹರಣೆಗಳಲ್ಲಿ ಅದು 'ಶೇ. 40 ಮುಗಿದ 5,000 ಯೂನಿಟ್' ಅಂತ ಸಿದ್ಧವಾಗಿಯೇ ಬಂದಿರುತ್ತದೆ. ಕಾರ್ಖಾನೆಯಲ್ಲಿ ಆ 5,000 ಮತ್ತು ಆ 40 ಎರಡನ್ನೂ ನಾವೇ ಹುಡುಕಿ ತರಬೇಕು. ಹಾಗಾಗಿ ಈ ಲೇಖನದಲ್ಲಿ ಸೂತ್ರಕ್ಕಿಂತ ಜಾಸ್ತಿ ಜಾಗ ಆ ಹುಡುಕಾಟಕ್ಕೇ ಕೊಟ್ಟಿದ್ದೇನೆ.

ಉದಾಹರಣೆಗೆ ಮೈಲುತುತ್ತದ ಪ್ಲಾಂಟ್ ತೆಗೆದುಕೊಳ್ಳೋಣ. ಮಲೆನಾಡಿನಲ್ಲಿ ಇದನ್ನು ಪರಿಚಯಿಸಬೇಕಾಗಿಲ್ಲ. ಮಳೆಗಾಲ ಹಿಡಿಯುವ ಮೊದಲು ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಸೇರಿಸಿ ಬೋರ್ಡೋ ದ್ರಾವಣ ಮಾಡುತ್ತೇವಲ್ಲ, ಅದೇ ತುತ್ತ. ನಮ್ಮ ಪ್ಲಾಂಟ್ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಎಲ್ಲೋ ಇದೆ ಅಂದುಕೊಳ್ಳಿ. ಪ್ಲಾಂಟ್ ಕಲ್ಪನೆಯದು, ರೂಪಾಯಿಗಳು ಲೆಕ್ಕ ಸುಲಭವಾಗಲಿ ಅಂತ ಹಾಕಿದವು. ರಸಾಯನದ ಅಂಕಿಗಳು ಮಾತ್ರ ನಿಜದವು.

## ಮೊದಲು ನಾಲ್ಕು ಪದ

ಪ್ರೊಸೆಸ್ ಕಾಸ್ಟಿಂಗ್: ಒಂದೇ ಥರದ ಮಾಲು ನಿಲ್ಲದೆ ಹರಿಯುತ್ತಿರುವಾಗ, ಒಂದೊಂದು ಚೀಲಕ್ಕೆ ಬೇರೆ ಬೇರೆ ಲೆಕ್ಕ ಇಡದೆ, ತಿಂಗಳ ಒಟ್ಟು ಖರ್ಚನ್ನು ತಿಂಗಳ ಕೆಲಸದಿಂದ ಭಾಗಿಸುವ ಪದ್ಧತಿ.

ಅರೆತಯಾರಿ ಮಾಲು: ತಿಂಗಳ ಕೊನೆಗೆ ಇನ್ನೂ ಮುಗಿಯದೆ ಪ್ಲಾಂಟ್ ಒಳಗೇ ಉಳಿದದ್ದು. ಆಫೀಸಿನಲ್ಲಿ ಡಬ್ಲ್ಯುಐಪಿ ಅನ್ನುತ್ತೇವೆ.

ಸಮಾನ ಘಟಕ: ಅರೆ ಆದ ಮಾಲನ್ನು 'ಪೂರ್ತಿ ಆದ ಎಷ್ಟು ಮಾಲಿಗೆ ಸಮ' ಅಂತ ಲೆಕ್ಕ ಹಾಕುವುದು. ಇಬ್ಬರ ತಟ್ಟೆಯಲ್ಲಿ ಅರ್ಧರ್ಧ ಊಟ ಉಳಿದರೆ ಒಂದು ಊಟ ಉಳಿಯಿತು ಅನ್ನುತ್ತೇವಲ್ಲ, ಅಷ್ಟೇ.

ತಯಾರಿಕಾ ವೆಚ್ಚ: ಕಚ್ಚಾ ಮಾಲು ಬಿಟ್ಟು ಉಳಿದದ್ದು. ಕೂಲಿ, ಹಬೆ, ಕರೆಂಟು, ರಿಪೇರಿ, ಸವಕಳಿ. ಪುಸ್ತಕಗಳಲ್ಲಿ ಕನ್ವರ್ಷನ್ ಕಾಸ್ಟ್ ಅಂತ ಇರುತ್ತದೆ.

## ಏನೇನು ಕೈಯಲ್ಲಿರಬೇಕು

ಹಿಂದಿನ ತಿಂಗಳ ಡಬ್ಲ್ಯುಐಪಿ ಹಾಳೆ, ಈ ತಿಂಗಳು ಸ್ಟೋರ್‌ನಿಂದ ಹೋದ ತಾಮ್ರ ಮತ್ತು ಆಮ್ಲದ ಲೆಕ್ಕ, ಚೀಲ ತುಂಬಿದ ರಿಜಿಸ್ಟರ್, ತಿಂಗಳ ಕೊನೆಯ ದಿನ ಟ್ಯಾಂಕುಗಳ ಮಟ್ಟದ ಅಳತೆ, ಅದೇ ದಿನದ ಲ್ಯಾಬ್ ವರದಿ. ಕೊನೆಯ ಎರಡು ಒಂದೇ ಹೊತ್ತಿನವಾಗಿರಬೇಕು. ಮಟ್ಟ ಬೆಳಗಿನದು, ಲ್ಯಾಬ್ ಸ್ಯಾಂಪಲ್ ಸಂಜೆಯದು ಆದರೆ ನಡುವೆ ಒಂದು ಬ್ಯಾಚ್ ಹೊರಗೆ ಹೋಗಿರುತ್ತದೆ.

ಬೆಲೆ ಬರೆದುಕೊಳ್ಳುವಾಗ ಇನ್‌ಪುಟ್ ಕ್ರೆಡಿಟ್ ಸಿಗುವ ಜಿಎಸ್‌ಟಿಯನ್ನು ಬಿಟ್ಟು ಬರೆದುಕೊಳ್ಳಿ. ಅದು ವಾಪಸ್ ಬರುವ ದುಡ್ಡು, ಖರ್ಚಲ್ಲ.

## ಹಂತ 1: ಒಂದೇ ಅಳತೆಗೆ ತನ್ನಿ

ಹೆಚ್ಚಿನವರು ಎಡವುವುದು ಇಲ್ಲೇ, ಅದೂ ಗೊತ್ತಿಲ್ಲದೆ.

ಪ್ಲಾಂಟ್‌ನಲ್ಲಿ ಆಗುವ ಕೆಲಸ ಸರಳ. ತಾಮ್ರದ ಸ್ಕ್ರ್ಯಾಪನ್ನು ಬಿಸಿ ಸಲ್ಫ್ಯೂರಿಕ್ ಆಮ್ಲದಲ್ಲಿ ಗಾಳಿ ಊದುತ್ತಾ ಕರಗಿಸುತ್ತಾರೆ. ಸಿಕ್ಕ ನೀಲಿ ದ್ರಾವಣವನ್ನು ಸೋಸಿ, ಕ್ರಿಸ್ಟಲೈಜರ್ ಅನ್ನುವ ತೊಟ್ಟಿಯಲ್ಲಿ ತಣಿಸುತ್ತಾರೆ. ತಣಿದಂತೆ ಹರಳು ಕಟ್ಟುತ್ತದೆ. ಹರಳನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ನೀರು ತೆಗೆದು, ಒಣಗಿಸಿ, 50 ಕೆಜಿ ಚೀಲಕ್ಕೆ ತುಂಬುತ್ತಾರೆ.

ಈಗ ತೂಕ ನೋಡಿ. ಒಂದು ಕೆಜಿ ತಾಮ್ರಕ್ಕೆ ಸುಮಾರು 1.54 ಕೆಜಿ ಆಮ್ಲ ಬೇಕು. ಸೇರಿಸಿದರೆ 2.54 ಕೆಜಿ. ಆದರೆ ಹೊರಗೆ ಬರುವ ಹರಳು ಸುಮಾರು 3.93 ಕೆಜಿ! ಹೆಚ್ಚಿನ ತೂಕ ಗಾಳಿಯ ಆಮ್ಲಜನಕದಿಂದ ಮತ್ತು ನೀರಿನಿಂದ ಬಂದದ್ದು. ತುತ್ತದ ಹರಳಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೀರೇ ಇದೆ. ಹಾಗಾಗಿ ಒಳಗೆ ಹೋದ ಕೆಜಿಯನ್ನೂ ಹೊರಗೆ ಬಂದ ಕೆಜಿಯನ್ನೂ ಒಂದೇ ಕಾಲಮ್‌ನಲ್ಲಿ ಹಾಕಿದರೆ ಪ್ಲಾಂಟ್‌ಗೆ ತಿಂಗಳು ತಿಂಗಳೂ 'ಲಾಭದ ತೂಕ' ಬರುತ್ತದೆ, ನಷ್ಟ ಎಲ್ಲಿ ಆಗುತ್ತಿದೆ ಅನ್ನುವುದು ಮುಚ್ಚಿಹೋಗುತ್ತದೆ.

ಉಪಾಯ ಇಷ್ಟೇ. ಎಲ್ಲವನ್ನೂ 'ಆಗಬಹುದಾದ ಹರಳಿನ ಕೆಜಿ'ಗೆ ತನ್ನಿ. ಜೂನ್‌ನಲ್ಲಿ 9,160 ಕೆಜಿ ಶುದ್ಧ ತಾಮ್ರ ಕರಗಿದೆ. ಅದನ್ನು 3.93ರಿಂದ ಗುಣಿಸಿದರೆ ಸುಮಾರು 36,000 ಕೆಜಿ. ಇದು ಈ ತಿಂಗಳು ಹೊಸದಾಗಿ ಶುರುವಾದ ಮಾಲು.

ಎರಡು ಎಚ್ಚರಿಕೆ. 'ಶುದ್ಧ' ಅಂದರೆ ಸ್ಕ್ರ್ಯಾಪಿನ ತೂಕವಲ್ಲ, ಲ್ಯಾಬ್ ಹೇಳಿದ ತಾಮ್ರದ ಅಂಶ. 'ಕರಗಿದೆ' ಅಂದರೆ ಸ್ಟೋರ್ ಕೊಟ್ಟದ್ದಲ್ಲ. ಕರಗಿಸುವ ತೊಟ್ಟಿಯಲ್ಲಿ ಇನ್ನೂ ತುಂಡಾಗಿಯೇ ಬಿದ್ದಿರುವ ತಾಮ್ರ ಕಚ್ಚಾ ಮಾಲೇ ಹೊರತು ಅರೆತಯಾರಿ ಅಲ್ಲ. ತಿಂಗಳ ಕೊನೆಗೆ ಅದನ್ನು ಅಂದಾಜು ಮಾಡಿ ಸ್ಟೋರ್ ಲೆಕ್ಕಕ್ಕೆ ವಾಪಸ್ ಹಾಕಿ.

## ಹಂತ 2: ಟ್ಯಾಂಕುಗಳನ್ನು ಎಣಿಸಿ

ಜೂನ್ 30ರ ಅಳತೆ ಹೀಗಿದೆ. ಕ್ರಿಸ್ಟಲೈಜರ್‌ನಲ್ಲಿ ಸೋಸಿದ ಬಿಸಿ ದ್ರಾವಣ 5,000 ಲೀಟರ್. ಲ್ಯಾಬ್ ಪ್ರಕಾರ ಲೀಟರಿಗೆ 500 ಗ್ರಾಂ ತುತ್ತ. ಅಂದರೆ 2,500 ಕೆಜಿ.

ಇನ್ನೊಂದು ಟ್ಯಾಂಕಿನಲ್ಲಿ ಮದರ್ ಲಿಕರ್ ಇದೆ. ಹರಳು ತೆಗೆದ ಮೇಲೆ ಉಳಿಯುವ ನೀಲಿ ನೀರಿಗೆ ಹಾಗನ್ನುತ್ತಾರೆ. ತುತ್ತ ತಣ್ಣೀರಿನಲ್ಲೂ ಸಾಕಷ್ಟು ಕರಗಿಯೇ ಇರುತ್ತದೆ, ಎಲ್ಲ ಹರಳಾಗುವುದಿಲ್ಲ. ಆ ನೀರು ಮತ್ತೆ ಮೊದಲ ತೊಟ್ಟಿಗೆ ಹೋಗುತ್ತದೆ. 10,000 ಲೀಟರ್, ಲೀಟರಿಗೆ 250 ಗ್ರಾಂ. ಇದೂ 2,500 ಕೆಜಿ.

ಒಟ್ಟು ಕೊನೆಯ ಅರೆತಯಾರಿ 5,000 ಕೆಜಿ.

ಮದರ್ ಲಿಕರನ್ನು 'ಅದು ನೀರು, ಯಾವಾಗಲೂ ಇರುತ್ತದೆ' ಅಂತ ಬಿಟ್ಟುಬಿಡುವ ಅಭ್ಯಾಸ ಹಲವು ಕಡೆ ಇದೆ. ನಾನೇ ಕೆಲಸ ಕಲಿಯುವ ಕಾಲಕ್ಕೆ ಒಂದು ತಿಂಗಳು ಹಾಗೆ ಬಿಟ್ಟು ಬೈಸಿಕೊಂಡಿದ್ದೇನೆ. ಬಿಟ್ಟರೆ ಎಷ್ಟು ಕೆಡುತ್ತದೆ ಅಂತ ಕೊನೆಗೆ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಈಗ ಮಾಲಿನ ಹರಿವು ಕೂಡಿಸಿ ನೋಡೋಣ. ಜೂನ್ 1ಕ್ಕೆ ಒಳಗಿದ್ದದ್ದು 4,000 ಕೆಜಿ, ಹೊಸದಾಗಿ ಶುರುವಾದದ್ದು 36,000. ಒಟ್ಟು 40,000 ಕೆಜಿಗೆ ನಾವು ಉತ್ತರ ಕೊಡಬೇಕು. ಚೀಲ ಸೇರಿದ್ದು 34,000, ಅಂದರೆ 680 ಚೀಲ. ಟ್ಯಾಂಕಿನಲ್ಲಿ 5,000. ಉಳಿದ 1,000 ಕೆಜಿ ಹೋಯಿತು. ತೊಟ್ಟಿಯ ತಳದ ಕೆಸರು, ಸೋಸುವ ಬಟ್ಟೆ, ತೊಳೆದ ನೀರು ಇವೆಲ್ಲದರ ಜೊತೆ ಹೋದದ್ದು ಅದು. ಈ ಪ್ಲಾಂಟ್‌ನಲ್ಲಿ ಶೇ. 2.5 ನಷ್ಟ ಮಾಮೂಲಿ ಅಂತ ಇಟ್ಟುಕೊಂಡಿದ್ದಾರೆ. 40,000ಕ್ಕೆ ಸರಿಯಾಗಿ 1,000. ಇದನ್ನು ಸಹಜ ನಷ್ಟ ಅನ್ನುತ್ತೇವೆ.

## ಹಂತ 3: ಎಷ್ಟು ಮುಗಿದಿದೆ?

ಪ್ರತಿ ಖರ್ಚಿಗೂ ಉತ್ತರ ಬೇರೆ. ತಾಮ್ರ ಮತ್ತು ಆಮ್ಲ ಮೊದಲೇ ಬಿದ್ದಾಗಿದೆ, ಹಾಗಾಗಿ ಟ್ಯಾಂಕಿನ ಮಾಲಿಗೂ ಶೇ. 100. ಚೀಲ ಕೊನೆಗೆ ಬರುವುದು, ಹಾಗಾಗಿ ಶೇ. 0. ಇವೆರಡರಲ್ಲಿ ಜಗಳವಿಲ್ಲ.

ಜಗಳ ತಯಾರಿಕಾ ವೆಚ್ಚದಲ್ಲಿ. ಇಲ್ಲಿ ತುಂಬಾ ಜನ ಗಂಟೆ ಲೆಕ್ಕ ಹಾಕುತ್ತಾರೆ. ಹರಳು ಕಟ್ಟಲು ಜಾಸ್ತಿ ಹೊತ್ತು ಬೇಕು, ಆದ್ದರಿಂದ ಕ್ರಿಸ್ಟಲೈಜರ್‌ನಲ್ಲಿರುವ ಮಾಲು ಇನ್ನೂ ಕಾಲು ಭಾಗವೂ ಮುಗಿದಿಲ್ಲ ಅನ್ನುತ್ತಾರೆ. ತಪ್ಪು. ತಣಿಯಲು ಬಿಟ್ಟ ಮಾಲು ಸುಮ್ನೆ ಕೂತಿರುತ್ತದೆ, ಹೊತ್ತು ತಿನ್ನುತ್ತದೆಯೇ ಹೊರತು ದುಡ್ಡು ತಿನ್ನುವುದಿಲ್ಲ. ನಾವು ಅಳೆಯಬೇಕಾದದ್ದು ಖರ್ಚು ಎಷ್ಟು ಭಾಗ ಬಿದ್ದಿದೆ ಅನ್ನುವುದನ್ನು.

ಪ್ಲಾಂಟ್ ಮ್ಯಾನೇಜರ್ ಜೊತೆ ಒಂದು ಸಲ ಕೂತು ಹಂತವಾರು ಪಾಲು ಮಾಡಿಸಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಕರಗಿಸುವುದಕ್ಕೆ ಮತ್ತು ಸೋಸುವುದಕ್ಕೆ ಶೇ. 50 (ಹಬೆ ಮತ್ತು ಗಾಳಿಯ ಖರ್ಚು ಇಲ್ಲೇ), ಹರಳು ಕಟ್ಟಿಸಲು 20, ಸೆಂಟ್ರಿಫ್ಯೂಜ್ ಮತ್ತು ಒಣಗಿಸಲು 30. ಚೀಲ ತುಂಬುವ ಕೂಲಿಯನ್ನು ಚೀಲದ ಬೆಲೆಯಲ್ಲೇ ಸೇರಿಸಿದ್ದಾರೆ.

ಕ್ರಿಸ್ಟಲೈಜರ್‌ಗೆ ಆಗಷ್ಟೇ ಬಂದ ಬಿಸಿ ದ್ರಾವಣಕ್ಕೆ ಶೇ. 50. ಅದು 2,500 ಕೆಜಿಗೆ 1,250 ಸಮಾನ ಘಟಕ. ಮದರ್ ಲಿಕರ್ ಸ್ವಲ್ಪ ತೊಡಕಿನದು. ಅದರ ತಾಮ್ರ ಕರಗಿ ಆಗಿದೆ, ಆದರೆ ಮತ್ತೆ ಕಾಯಿಸಬೇಕು, ಮತ್ತೆ ತಣಿಸಬೇಕು. ಮತ್ತೆ ಕಾಯಿಸುವ ಹಬೆಯನ್ನು ಕಳೆದು ಇಲ್ಲಿ ಶೇ. 30 ಅಂತ ಒಪ್ಪಿಕೊಂಡಿದ್ದಾರೆ, ಅಂದರೆ 750. ಎರಡೂ ಸೇರಿ 2,000. ಪರೀಕ್ಷೆಯ ಪ್ರಶ್ನೆಯಲ್ಲಿ 'ಶೇ. 40 ಮುಗಿದ 5,000' ಅಂತ ಒಂದೇ ಸಾಲಿನಲ್ಲಿ ಬರುವುದು ಹೀಗೆ ಹುಟ್ಟಿದ ಅಂಕಿ.

ಶೇ. 30 ಸರಿಯೋ 35 ಸರಿಯೋ ಅಂತ ಬಹಳ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಒಮ್ಮೆ ಒಪ್ಪಿದ್ದನ್ನು ತಿಂಗಳು ತಿಂಗಳೂ ಬದಲಿಸಬೇಡಿ. ಲಾಭ ಕಡಿಮೆ ಕಂಡ ತಿಂಗಳು 'ಟ್ಯಾಂಕಿನ ಮಾಲು ಸ್ವಲ್ಪ ಮುಂದಿದೆ ಅಂತ ಬರೀರಿ' ಅನ್ನುವ ಫೋನು ಬರುವುದುಂಟು. ಶೇಕಡಾ ಏರಿಸಿದಷ್ಟೂ ಖರ್ಚು ಟ್ಯಾಂಕಿಗೆ ಹೋಗಿ ಕೂರುತ್ತದೆ. ಮುಂದಿನ ತಿಂಗಳು ಅದು ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ.

ಸಮಾನ ಘಟಕಗಳು ಈಗ ಇಷ್ಟು:

| | ತಾಮ್ರ, ಆಮ್ಲ | ತಯಾರಿಕೆ | ಚೀಲ |
|---|---|---|---|
| ಪೂರ್ತಿ ಆದದ್ದು | 34,000 | 34,000 | 34,000 |
| ಕೊನೆಯ ಅರೆತಯಾರಿ | 5,000 | 2,000 | 0 |
| ಸಹಜ ನಷ್ಟ | 0 | 0 | 0 |
| ಒಟ್ಟು | 39,000 | 36,000 | 34,000 |

ಸಹಜ ನಷ್ಟಕ್ಕೆ ಸೊನ್ನೆ ಹಾಕಿದ್ದು ಯಾಕೆ? ಅದರ ಖರ್ಚು ಒಳ್ಳೆ ಮಾಲಿನ ಮೇಲೆ ತಾನಾಗಿಯೇ ಹಂಚಿಹೋಗಲಿ ಅಂತ. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಷ್ಟ ಆಗುವುದು ಹೆಚ್ಚಾಗಿ ಕರಗಿಸಿ ಸೋಸುವಾಗ. ಟ್ಯಾಂಕಿನಲ್ಲಿರುವ ಮಾಲು ಆ ಹಂತ ದಾಟಿ ಬಂದಿದೆ, ಆದ್ದರಿಂದ ಅದೂ ಪಾಲು ಹೊರುವುದು ನ್ಯಾಯ. ನಷ್ಟ ಕೊನೆಯಲ್ಲಿ, ಒಣಗಿಸುವಾಗ ಮಾತ್ರ ಆಗುವ ಪ್ಲಾಂಟ್ ಆಗಿದ್ದರೆ ಆ ಭಾರವನ್ನು ಮುಗಿದ ಮಾಲಿನ ಮೇಲಷ್ಟೇ ಹಾಕಬೇಕಾಗುತ್ತಿತ್ತು.

ಗಮನಿಸಿದಿರಾ? ಜೂನ್ 1ರ 4,000 ಕೆಜಿ ಆಗ ಎಷ್ಟು ಮುಗಿದಿತ್ತು ಅಂತ ನಾನು ಹೇಳಲೇ ಇಲ್ಲ. ಶೇ. 60 ಮುಗಿದಿತ್ತು. ಆದರೆ ತೂಗಿದ ಸರಾಸರಿ ಪದ್ಧತಿಗೆ ಅದು ಬೇಡ. ಹಳೆಯ ಖರ್ಚು, ಹೊಸ ಖರ್ಚು ಎರಡನ್ನೂ ಒಂದೇ ಪಾತ್ರೆಗೆ ಸುರಿದು ಒಟ್ಟು ಕೆಲಸದಿಂದ ಭಾಗಿಸುವುದೇ ಈ ಪದ್ಧತಿ. ಪರೀಕ್ಷೆಯಲ್ಲಿ ಆ 60 ಕೊಟ್ಟಿರುವುದೇ ಬಲೆ. ಅದನ್ನು ಬಳಸಿ, ಉಳಿದ ಶೇ. 40ಕ್ಕೆ 1,600 ಅಂತೇನಾದರೂ ಬರೆದಿರೋ, ನೀವು ಹಳೆಯ ಮಾಲನ್ನೂ ಹೊಸ ಮಾಲನ್ನೂ ಬೇರೆ ಬೇರೆ ಲೆಕ್ಕ ಹಾಕುವ ಫಿಫೋ ಪದ್ಧತಿಗೆ ಜಾರಿದ್ದೀರಿ ಅಂತ ಅರ್ಥ.

## ಹಂತ 4: ಖರ್ಚು ಕೂಡಿಸಿ, ಭಾಗಿಸಿ

ತಾಮ್ರ ಮತ್ತು ಆಮ್ಲ: ಹಿಂದಿನದು 7,60,000, ಜೂನ್‌ದು 70,40,000, ಒಟ್ಟು 78,00,000 ರೂಪಾಯಿ. 39,000ದಿಂದ ಭಾಗಿಸಿದರೆ ಕೆಜಿಗೆ 200.

ತಯಾರಿಕೆ: ಹಿಂದಿನದು 45,000, ಜೂನ್‌ದು 6,75,000, ಒಟ್ಟು 7,20,000. 36,000ದಿಂದ ಭಾಗಿಸಿದರೆ 20.

ಚೀಲ: 680 ಚೀಲಕ್ಕೆ ತಲಾ 25 ರೂಪಾಯಿ, 17,000. ಕೆಜಿಗೆ 50 ಪೈಸೆ.

ಒಂದು ಕೆಜಿ ತುತ್ತದ ತಯಾರಿ ಬೆಲೆ 220.50 ರೂಪಾಯಿ.

## ಹಂತ 5: ಹಂಚಿ, ತಾಳೆ ನೋಡಿ

ಗೋಡೌನ್‌ಗೆ ಹೋದ 34,000 ಕೆಜಿ × 220.50 = 74,97,000. ಟ್ಯಾಂಕಿನ ಮಾಲಿಗೆ ತಾಮ್ರ, ಆಮ್ಲ 5,000 × 200 = 10,00,000, ತಯಾರಿಕೆ 2,000 × 20 = 40,000, ಒಟ್ಟು 10,40,000. ಎರಡೂ ಸೇರಿ 85,37,000. ಖರ್ಚಿನ ಕಡೆ 78,00,000 + 7,20,000 + 17,000 ಕೂಡಿಸಿದರೂ 85,37,000. ತಾಳೆಯಾಯಿತು.

ಆದರೆ ತಾಳೆಯಾಯಿತು ಅಂದಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಹಂತ 2 ಮತ್ತು 3ರಲ್ಲಿ ತಪ್ಪಿದ್ದರೂ ಹಂತ 5 ಅಚ್ಚುಕಟ್ಟಾಗಿ ತಾಳೆಯಾಗುತ್ತದೆ! ತಪ್ಪು ಘಟಕದಿಂದ ಭಾಗಿಸಿ, ಅದೇ ತಪ್ಪು ಘಟಕದಿಂದ ಗುಣಿಸಿದರೆ ಉತ್ತರ ಕೂಡಲೇಬೇಕಲ್ವಾ?

## ಹಾಗಾದರೆ ತಪ್ಪು ಕಾಣುವುದು ಎಲ್ಲಿ?

ನಷ್ಟದ ಸಾಲಿನಲ್ಲಿ. ಮದರ್ ಲಿಕರ್ ಎಣಿಸಲು ಮರೆತೆವು ಅಂದುಕೊಳ್ಳಿ. ಟ್ಯಾಂಕಿನ ಮಾಲು 5,000ದ ಬದಲು 2,500 ಆಗುತ್ತದೆ. ನಷ್ಟ 1,000ದಿಂದ 3,500ಕ್ಕೆ ಹಾರುತ್ತದೆ. ಅಷ್ಟನ್ನೂ ಸಹಜ ನಷ್ಟ ಅಂತ ನುಂಗಿಕೊಂಡರೆ ತಾಮ್ರ, ಆಮ್ಲದ ಸಮಾನ ಘಟಕ 36,500ಕ್ಕೆ ಇಳಿದು ದರ 213.70 ಆಗುತ್ತದೆ. ತಯಾರಿಕೆಯದು 35,250ಕ್ಕೆ ಇಳಿದು 20.43. ಚೀಲ ಸೇರಿಸಿ 234.63. ಕೆಜಿಗೆ 14 ರೂಪಾಯಿ ಏರಿತು, ಪ್ಲಾಂಟ್‌ನಲ್ಲಿ ಏನೂ ಆಗದೆ! ಅಡಿಕೆ ಬೆಳೆಗಾರರು ತುತ್ತ ಕೊಳ್ಳುವ ಕಾಲಕ್ಕೆ ಸರಿಯಾಗಿ ನಿಮ್ಮ ಬೆಲೆಪಟ್ಟಿ ದುಬಾರಿ ಕಾಣುತ್ತದೆ. ಜುಲೈ ಕೊನೆಗೆ ಮದರ್ ಲಿಕರ್ ಎಣಿಸಿದರೆ ಆ 2,500 ಕೆಜಿ ಆಕಾಶದಿಂದ ಇಳಿದಂತೆ ಬಂದು ನಷ್ಟವೇ ಮಾಯವಾಗುತ್ತದೆ. ಒಂದು ತಿಂಗಳು ನಷ್ಟ ಜಿಗಿದು ಮರುತಿಂಗಳು ಸೊನ್ನೆಗೆ ಅಥವಾ ಅದಕ್ಕೂ ಕೆಳಗೆ ಹೋದರೆ ಕಳ್ಳನನ್ನು ಹುಡುಕುವ ಮೊದಲು ಟ್ಯಾಂಕಿನ ಅಳತೆ ಹುಡುಕಿ.

ನಷ್ಟ ನಿಜವಾಗಿಯೂ ಜಾಸ್ತಿ ಆದರೆ? ಒಣಗಿಸುವ ಶೆಡ್ಡಿನ ಹೆಂಚು ಜರುಗಿ, ರಾತ್ರಿ ಮಳೆಗೆ ಒಣಗಿದ 400 ಕೆಜಿ ಹರಳು ಕರಗಿ ಹೋಯಿತು ಅನ್ನಿ. ಮಲೆನಾಡಿನ ಜೂನ್‌ನಲ್ಲಿ ಇದೇನು ದೊಡ್ಡ ಸಂಗತಿಯಲ್ಲ. ಆದರೂ ಇದು ಅಸಹಜ ನಷ್ಟ, ಒಳ್ಳೆ ಮಾಲಿನ ಮೇಲೆ ಹಾಕುವಂತಿಲ್ಲ. ಅದಕ್ಕೂ ಸಮಾನ ಘಟಕ ಕೊಡಬೇಕು. ತಾಮ್ರ, ಆಮ್ಲದಲ್ಲಿ 400, ತಯಾರಿಕೆಯಲ್ಲಿ ಒಣಗಿ ಮುಗಿದಿದ್ದರಿಂದ ಪೂರ್ತಿ 400, ಚೀಲದಲ್ಲಿ 0. ಪೂರ್ತಿ ಆದ ಮಾಲು 33,600ಕ್ಕೆ ಇಳಿಯುತ್ತದೆ. ಕೂಡಿಸಿ ನೋಡಿ, ಒಟ್ಟು ಘಟಕ ಮತ್ತೆ 39,000 ಮತ್ತು 36,000. ದರ 200 ಮತ್ತು 20, ಅಲುಗಲಿಲ್ಲ. ಕಳೆದುಹೋದ 400 × 220 = 88,000 ರೂಪಾಯಿ ಬೇರೆಯಾಗಿ ನಿಂತು ಲಾಭನಷ್ಟ ಖಾತೆಗೆ ನೇರ ಹೋಗುತ್ತದೆ. ಹೆಂಚು ಸರಿಮಾಡಿಸಲು ದುಡ್ಡು ಕೇಳುವಾಗ ಈ 88,000 ತೋರಿಸಬಹುದು. ಸರಾಸರಿಯಲ್ಲಿ ಮುಳುಗಿಸಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

## ಈ ಪದ್ಧತಿ ಎಲ್ಲಿ ಸಾಲದು

ತಾಮ್ರದ ದರ ಜೋರಾಗಿ ಏರಿಳಿದಾಗ. ನಮ್ಮ ಲೆಕ್ಕದಲ್ಲಿ ಹಳೆಯ ಮಾಲಿನ ತಾಮ್ರ, ಆಮ್ಲಕ್ಕೆ ಕೆಜಿಗೆ 190 ಬಿದ್ದಿತ್ತು, ಜೂನ್‌ದಕ್ಕೆ ನಷ್ಟ ಹಂಚುವ ಮೊದಲು ಸುಮಾರು 195.56. ಹಳೆಯದು ಒಟ್ಟಿನ ಹತ್ತನೇ ಒಂದು ಪಾಲು ಮಾತ್ರ, ಹಾಗಾಗಿ ಬೆರೆಸಿದರೂ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಹಳೆಯ ಮಾಲು ಮೂರನೇ ಒಂದು ಪಾಲಿದ್ದು, ನಡುವೆ ತಾಮ್ರ ಶೇ. 15 ಏರಿದ್ದರೆ, ಸರಾಸರಿ ದರ ಹೊಸ ಆರ್ಡರಿಗೆ ಕಡಿಮೆ ಬೆಲೆ ಹೇಳಿಸುತ್ತದೆ. ಪುಸ್ತಕದಲ್ಲಿ ಸರಾಸರಿಯನ್ನೇ ಇಟ್ಟುಕೊಳ್ಳಿ, ಕೊಟೇಶನ್‌ಗೆ ಮಾತ್ರ ಇಂದಿನ ತಾಮ್ರದ ದರವನ್ನು 3.93ರಿಂದ ಭಾಗಿಸಿ ಬೇರೆ ಲೆಕ್ಕ ಮಾಡಿ. ಎರಡನ್ನು ಬೆರೆಸಬೇಡಿ.

## ಹಂತ 6: ಜುಲೈ ಹಾಳೆ ತೆರೆಯುವುದು

ಟ್ಯಾಂಕಿನ 10,40,000 ಜುಲೈ 1ರ ಆರಂಭಿಕ ಮೊತ್ತ. ಇದನ್ನು ಒಂದೇ ಅಂಕಿಯಾಗಿ ಬರೆದರೆ ಜುಲೈ ಕೊನೆಗೆ ಕೈಕಟ್ಟಿ ಕೂರಬೇಕಾಗುತ್ತದೆ, ಯಾಕೆಂದರೆ ಹಂತ 4ರಲ್ಲಿ ಪ್ರತಿ ಖರ್ಚಿಗೂ ಹಿಂದಿನದು ಬೇರೆ ಬೇರೆ ಬೇಕು. ತಾಮ್ರ, ಆಮ್ಲ 10,00,000 ಒಂದು ಸಾಲು, ತಯಾರಿಕೆ 40,000 ಇನ್ನೊಂದು ಸಾಲು, ಚೀಲದ ಸಾಲಿನಲ್ಲಿ ಸೊನ್ನೆ. ಪಕ್ಕದಲ್ಲಿ ಕ್ರಿಸ್ಟಲೈಜರ್ 2,500 ಕೆಜಿ ಶೇ. 50, ಮದರ್ ಲಿಕರ್ 2,500 ಕೆಜಿ ಶೇ. 30 ಅಂತಲೂ ಬರೆದಿಡಿ. ಸರಾಸರಿಗೆ ಆ ಶೇಕಡಾ ಬೇಡ ನಿಜ, ಆದರೆ ಆಡಿಟರ್ ಬಂದು ಆ 40,000 ಎಲ್ಲಿಂದ ಬಂತು ಅಂತ ಕೇಳಿದಾಗ ಬೇಕಾಗುತ್ತದೆ.